ಎಂಟು ದಿನ ಬಾರದಿದ್ದರೆ ಕೆಲಸ ಹೋಯಿತೇ?

ಗಂಗಾವತಿ, ಸಿಂಧನೂರಿನ ಅಕ್ಕಿ ಗಿರಣಿಯಿರಲಿ, ಬಳ್ಳಾರಿಯ ಜೀನ್ಸ್ ಘಟಕವಿರಲಿ, ನೌಕರರ ಕೈಪಿಡಿ ಬರೆಸುವಾಗ ನಡತೆಯ ಅಧ್ಯಾಯದಲ್ಲಿ ಒಂದು ಸಾಲು ಬೇಕೇ ಬೇಕು ಎಂದು ಮಾಲೀಕರು ಕೇಳುತ್ತಾರೆ: “ಅನುಮತಿಯಿಲ್ಲದೆ ಸತತ 8 ದಿನ ಗೈರಾದವರು ತಾವಾಗಿಯೇ ಕೆಲಸ ಬಿಟ್ಟಂತೆ.” ಓದಲು ಬಲು ಬಿಗಿ. ಆದರೆ ಕಾರ್ಮಿಕ ನ್ಯಾಯಾಲಯದಲ್ಲಿ ಮೊದಲು ಮುರಿದು ಬೀಳುವುದೂ ಇದೇ ಸಾಲು.

ಈ ಎಂಟು ದಿನ ಎಲ್ಲಿಂದ ಬಂತು? 1946ರ ಸ್ಥಾಯಿ ಆದೇಶಗಳ ಕಾಯ್ದೆಯಡಿ ಕಾರ್ಖಾನೆಗಳ ಕೆಲಸದ ನಿಯಮಗಳಿಗೆ ಒಂದು ಮಾದರಿ ಕೊಟ್ಟಿದ್ದರು. ಮಂಜೂರಾದ ರಜೆ ಮುಗಿದ 8 ದಿನದೊಳಗೆ ಹಿಂದಿರುಗಿ ತೃಪ್ತಿಕರ ಕಾರಣ ಹೇಳದಿದ್ದರೆ ಕೆಲಸದ ಮೇಲಿನ ಹಕ್ಕು ಹೋಗುತ್ತದೆ ಎಂದು ಅದರಲ್ಲಿತ್ತು. ಆ ಕಾಯ್ದೆಯ ಜಾಗಕ್ಕೆ ಈಗ 2020ರ ಕೈಗಾರಿಕಾ ಸಂಬಂಧಗಳ ಸಂಹಿತೆ ಬಂದಿದೆ, ಕೈಪಿಡಿಗಳು ಮಾತ್ರ ಹಳೆಯ ಮಾದರಿಯಿಂದಲೇ ನಕಲಾಗುತ್ತಿವೆ. ನಕಲು ಮಾಡುವಾಗ ‘ಕಾರಣ ಹೇಳದಿದ್ದರೆ’ ಎಂಬ ಭಾಗ ಉದುರಿಹೋಗಿ, ಬರೀ ಎಂಟು ದಿನ ಉಳಿದುಕೊಂಡಿದೆ.

ಇಂಥದೇ ಸಾಲನ್ನು ನಂಬಿ ಒಂದು ಕಾರ್ಖಾನೆ ಕಾರ್ಮಿಕನ ಹೆಸರು ಹೊಡೆದುಹಾಕಿದ ಪ್ರಕರಣ ಸುಪ್ರೀಂ ಕೋರ್ಟ್‌ವರೆಗೆ ಹೋಯಿತು. 1993ರಲ್ಲಿ ತೀರ್ಪಾದ ಡಿ.ಕೆ. ಯಾದವ್ ಪ್ರಕರಣವದು. ತಾನು ದಿನವೂ ಬರುತ್ತಿದ್ದೆ, ಗೇಟಿನಲ್ಲೇ ತಡೆದರು ಎಂಬುದು ಕಾರ್ಮಿಕನ ವಾದ. ಬಂದಿದ್ದನೋ ಇಲ್ಲವೋ ಎಂದು ತಿಳಿಯಲು ಒಂದು ವಿಚಾರಣೆಯೂ ನಡೆದಿರಲಿಲ್ಲ. ಕೇಳದೆ ಕೆಲಸದಿಂದ ತೆಗೆದದ್ದು ತಪ್ಪು ಎಂದ ನ್ಯಾಯಾಲಯ, ಅವನನ್ನು ಮರಳಿ ಸೇರಿಸಿಕೊಂಡು ಹಿಂಬಾಕಿ ಪಗಾರದಲ್ಲಿ ಅರ್ಧ ಕೊಡಲು ಹೇಳಿತು. ‘ತಾನಾಗಿಯೇ’ ಎಂಬ ಪದ ಕೈಪಿಡಿಯಲ್ಲಿ ಇದ್ದರೂ, ತೆಗೆಯುವ ತೀರ್ಮಾನ ಮಾಲೀಕರದೇ. ತೀರ್ಮಾನ ಅವರದಾದ ಮೇಲೆ ಎದುರಿನವನ ಮಾತು ಕೇಳುವ ಹೊಣೆಯೂ ಅವರದೇ.

ಇದೇ ಹಳೆಯ ಮಾದರಿಯಲ್ಲಿ ಇನ್ನೊಂದು ಅಂಕಿ ಇದೆ. ದುರ್ನಡತೆಗಳ ಪಟ್ಟಿಯಲ್ಲಿ ‘10 ದಿನಕ್ಕಿಂತ ಹೆಚ್ಚು’ ರಜೆಯಿಲ್ಲದ ಗೈರು ಸೇರಿದೆ. ಒಂದು ಕಡೆ 8, ಇನ್ನೊಂದು ಕಡೆ 10. ಎರಡನ್ನೂ ಒಂದೇ ಅಧ್ಯಾಯದಲ್ಲಿ ಅಂಟಿಸಿದರೆ ಏನಾಗುತ್ತದೆ ಎಂಬುದಕ್ಕೆ ಒಂದು ಕಲ್ಪಿತ ಉದಾಹರಣೆ ತೆಗೆದುಕೊಳ್ಳೋಣ.

ಗಂಗಾವತಿಯ ಒಂದು ಕುಚ್ಚಲಕ್ಕಿ ಗಿರಣಿ. ಆರು ವರ್ಷದಿಂದ ಬಾಯ್ಲರ್ ನೋಡಿಕೊಳ್ಳುವವನು, ತಿಂಗಳ ಪಗಾರ 26,000 ರೂಪಾಯಿ. ತಿಂಗಳಲ್ಲಿ 26 ದಿನದ ಕೆಲಸವೆಂದರೆ ದಿನಕ್ಕೆ 1,000. ತಂದೆಗೆ ಆರಾಮಿಲ್ಲ ಎಂದು 5ನೇ ತಾರೀಖು ಸೋಮವಾರದಿಂದ ಮೂರು ದಿನ ರಜೆ ಕೇಳುತ್ತಾನೆ. “ಆತು, ಹೋಗಿ ಬಾರಪ್ಪ” ಎನ್ನುತ್ತಾನೆ ಮೇಸ್ತ್ರಿ. 8ನೇ ತಾರೀಖು ಗುರುವಾರ ಅವನು ಬರಬೇಕಿತ್ತು, ಬರಲಿಲ್ಲ. 17ರಂದು ಶನಿವಾರ ಬೆಳಿಗ್ಗೆ ಗೇಟಿನ ಮುಂದೆ ನಿಂತಿದ್ದಾನೆ.

ರಜೆ ಮುಗಿದದ್ದು 7ಕ್ಕೆ, ಎಂಟು ದಿನದ ಗಡುವು 15ಕ್ಕೆ ಮುಗಿಯಿತು. ನಕಲಾದ ಸಾಲಿನ ಪ್ರಕಾರ ಅವನ ಕೆಲಸ ಹೋಗಿದೆ. ಇತ್ತ ಗೈರಿನ ದಿನ 8ರಿಂದ 16ರವರೆಗೆ, ಭಾನುವಾರ ಸೇರಿಸಿದರೂ ಒಂಬತ್ತು. ಹತ್ತು ದಿನದ ಲೆಕ್ಕದಲ್ಲಿ ಅದು ದುರ್ನಡತೆಯೇ ಅಲ್ಲ. ಒಂದೇ ಪುಸ್ತಕ ಒಂದು ಪುಟದಲ್ಲಿ ಕೆಲಸ ಕಿತ್ತುಕೊಂಡು ಇನ್ನೊಂದು ಪುಟದಲ್ಲಿ ತಪ್ಪೇ ಇಲ್ಲ ಎನ್ನುತ್ತದೆ. ವಕೀಲರಿಗೆ ಇಷ್ಟು ಸಾಕು.

ಹಾಗಾಗಿ ಒಂದೇ ಅಂಕಿ ಇಟ್ಟುಕೊಂಡು, ಅದರ ಜೊತೆಗೆ ಎಣಿಸುವ ರೀತಿಯನ್ನೂ ಬರೆಯಬೇಕು. ಸಾಲು ಹೀಗಿರಲಿ: “ರಜೆಯನ್ನು ಚೀಟಿಯಲ್ಲಿ ಕೇಳಿ, ಮೇಲ್ವಿಚಾರಕರ ಸಹಿ ಪಡೆಯಬೇಕು. ತುರ್ತಾಗಿ ಹೋದವರು ಮೊದಲ ದಿನವೇ ಫೋನಿನಲ್ಲಿ ತಿಳಿಸಬೇಕು. ರಜೆ ಮುಗಿದ ಮೇಲೆ ಬಾರದಿರುವುದು ತಪ್ಪು. ವಾರದ ರಜೆಯೂ ಸೇರಿ ಸತತ 10 ದಿನಕ್ಕಿಂತ ಹೆಚ್ಚಾದರೆ, ಅಥವಾ 12 ತಿಂಗಳಲ್ಲಿ ಮೂರು ಸಲ ಹೀಗಾದರೆ, ಅದು ಗಂಭೀರ ದುರ್ನಡತೆ. ಯಾವುದೇ ಕ್ರಮಕ್ಕೆ ಮೊದಲು ನಿಮ್ಮ ಕಾರಣ ಕೇಳಲಾಗುತ್ತದೆ.” ‘ಪದೇ ಪದೇ’ ಎಂದಷ್ಟೇ ಬಿಟ್ಟರೆ ಒಬ್ಬ ಮೇಸ್ತ್ರಿಗೆ ಎರಡು ಸಲವೇ ಪದೇ ಪದೇ, ಇನ್ನೊಬ್ಬನಿಗೆ ಆರು ಸಲ. ಅಂಕಿ ಬರೆದರೆ ಮೇಸ್ತ್ರಿಯ ಕೈಯೂ ಕಟ್ಟುತ್ತದೆ, ಮತ್ತು ಕಟ್ಟಬೇಕಾದದ್ದೇ.

ಬಾಯ್ಲರ್‌ಗೆ ಮಾತ್ರ ಬೇರೆ ನಿಯಮ ಬೇಕು. ಗೋದಾಮಿನಲ್ಲಿ ಒಬ್ಬ ಬಾರದಿದ್ದರೆ ಲಾರಿ ತಡವಾಗುತ್ತದೆ ಅಷ್ಟೆ. ಬಾಯ್ಲರ್‌ನವನು ಬಾರದಿದ್ದರೆ ಹಬೆಯಿಲ್ಲ, ನೆನೆಹಾಕಿದ ಭತ್ತ ತೊಟ್ಟಿಯಲ್ಲೇ ಕೂತು ನಾತ ಹಿಡಿಯುತ್ತದೆ. ಉರಿಯುತ್ತಿರುವ ಬಾಯ್ಲರ್ ಬಿಟ್ಟು ನಡುವೆ ಎದ್ದು ಹೋಗುವುದಂತೂ ಗೈರಿನ ಮಾತೇ ಅಲ್ಲ, ಜೀವದ ಪ್ರಶ್ನೆ. “ಬದಲಿಯವರಿಗೆ ಒಪ್ಪಿಸದೆ ಬಾಯ್ಲರ್ ಬಿಟ್ಟು ಹೋಗಬಾರದು” ಎಂಬುದು ಸುರಕ್ಷತೆಯ ಭಾಗದಲ್ಲಿ ಬೇರೆಯಾಗಿಯೇ ಇರಲಿ. ಅದು ಮೊದಲ ಸಲವೇ ಗಂಭೀರ ತಪ್ಪು ಎಂದು ಬರೆದರೆ ಯಾರೂ ಅನ್ಯಾಯ ಎನ್ನುವುದಿಲ್ಲ.

ಇನ್ನು ಕ್ರಮದ ಹೆಜ್ಜೆಗಳು. ಗೈರಾದ ಮೊದಲ ದಿನ ಮೇಸ್ತ್ರಿ ಫೋನ್ ಮಾಡಿ, ಎಷ್ಟು ಹೊತ್ತಿಗೆ ಮಾಡಿದೆ, ಯಾರು ಎತ್ತಿದರು ಎಂದು ಹಾಜರಿ ಪುಸ್ತಕದಲ್ಲಿ ಬರೆಯಬೇಕು. ಮೂರನೇ ದಿನ, ನಮ್ಮ ಉದಾಹರಣೆಯಲ್ಲಿ 10ರಂದು, ಊರಿನ ವಿಳಾಸಕ್ಕೆ ಕನ್ನಡದಲ್ಲಿ ಮೊದಲ ಪತ್ರ ಹೋಗಬೇಕು: ಯಾವ ತಾರೀಖಿನಿಂದ ಬಂದಿಲ್ಲ, ಪತ್ರ ತಲುಪಿದ 5 ದಿನದೊಳಗೆ ಬನ್ನಿ ಅಥವಾ ಕಾರಣ ಬರೆದು ಕಳಿಸಿ. ಹತ್ತು ದಿನ ದಾಟಿದರೆ ಎರಡನೆಯದು, ಅದು ಆರೋಪ ಪತ್ರ. ಅದಕ್ಕೆ ಉತ್ತರಿಸಲು 7 ದಿನ.

ಪತ್ರವನ್ನು ತಲುಪಿದ ಪುರಾವೆ ಸಿಗುವ ಅಂಚೆಯಲ್ಲೇ ಕಳಿಸಬೇಕು. ‘ಬಾಗಿಲು ಹಾಕಿದೆ’ ಎಂಬ ಷರಾ ಹೊತ್ತು ಲಕೋಟೆ ಹಿಂದಕ್ಕೆ ಬಂದರೆ ಗುಮಾಸ್ತರು ಕುತೂಹಲಕ್ಕೆ ಒಡೆದು ನೋಡುತ್ತಾರೆ. ಒಡೆಯಬಾರದು. ಅಂಚೆಯವರ ಷರಾ ಸಮೇತ ಮುಚ್ಚಿದ ಲಕೋಟೆಯೇ ಸಾಕ್ಷಿ. ವಿಳಾಸ ಬದಲಾದರೆ ತಿಳಿಸುವುದು ನೌಕರರ ಹೊಣೆ ಎಂಬ ಸಾಲು ಕೈಪಿಡಿಯಲ್ಲಿ ಇಲ್ಲದಿದ್ದರೆ, ಆ ಸಾಕ್ಷಿಗೂ ಅರ್ಧ ಬೆಲೆ.

ಆರೋಪ ಪತ್ರ ಬಹಳ ಕಡೆ ಕೆಡುವುದು ಒಂದು ಕ್ರಿಯಾಪದದಲ್ಲಿ. “ನೀವು ಬೇಜವಾಬ್ದಾರಿಯಿಂದ ಗೈರಾಗಿ ಗಿರಣಿಗೆ ನಷ್ಟ ಮಾಡಿದ್ದೀರಿ, ನಿಮ್ಮನ್ನು ಏಕೆ ತೆಗೆಯಬಾರದು?” ಎಂದು ಬರೆದರೆ ತೀರ್ಪು ಮೊದಲೇ ಆಗಿದೆ, ವಿಚಾರಣೆ ನಾಟಕ ಎಂಬ ವಾದಕ್ಕೆ ದಾರಿ. “8ನೇ ತಾರೀಖಿನಿಂದ ಇಂದಿನವರೆಗೆ ನೀವು ರಜೆಯಿಲ್ಲದೆ ಗೈರಾಗಿದ್ದೀರಿ ಎಂದು ಹಾಜರಿ ಪುಸ್ತಕದಿಂದ ಕಾಣುತ್ತದೆ. ಇದು ಕೈಪಿಡಿಯ ಇಂಥ ನಿಯಮದಡಿ ತಪ್ಪಾಗಬಹುದು. ನಿಮ್ಮ ವಿವರಣೆ ಕೊಡಿ” ಎಂದರೆ ಬಿಗಿಯೂ ಉಳಿಯಿತು, ನ್ಯಾಯವೂ ಉಳಿಯಿತು.

ಅಮಾನತು? ಗೈರಾದವನನ್ನು ಅಮಾನತು ಮಾಡುವ ಆದೇಶಗಳೂ ಇವೆ. ಬಾರದೇ ಇರುವವನಿಗೆ ಬರಬೇಡ ಎಂದು ಹೇಳಿ, ಮೇಲೆ ಅರ್ಧ ಪಗಾರ ಜೀವನಾಧಾರ ಭತ್ಯೆ ಕೊಡುವ ವ್ಯವಹಾರ ಅದು. 90 ದಿನ ದಾಟಿ, ತಡ ಅವನಿಂದ ಆಗಿರದಿದ್ದರೆ, ಮುಕ್ಕಾಲು. ಹೊಡೆದಾಟ, ಕಳವು, ಸಾಕ್ಷಿಗಳನ್ನು ಹೆದರಿಸುವುದು ಇಂಥವಕ್ಕೆ ಅಮಾನತು ಇಟ್ಟುಕೊಂಡರೆ ಸಾಕು.

ನಮ್ಮವನು 17ರ ಬೆಳಿಗ್ಗೆ ಗೇಟಿನಲ್ಲಿದ್ದಾನೆ. ಇಡೀ ಪ್ರಕರಣ ಇಲ್ಲಿ ಕೆಡುವಷ್ಟು ಇನ್ನೆಲ್ಲೂ ಕೆಡುವುದಿಲ್ಲ. “ಸಾಹೇಬರು ಬಂದ್ಮೇಲೆ ಬಾ” ಎಂದು ಕಾವಲಿನವನು ವಾಪಸ್ ಕಳಿಸಿದ ಕ್ಷಣದಿಂದ ಗೈರು ಅವನದಲ್ಲ, ಗಿರಣಿಯದು. ಬಂದವರ ಹೆಸರು, ಹೊತ್ತು ಬರೆದುಕೊಂಡು ಕಚೇರಿಗೆ ಕಳಿಸಬೇಕು ಎಂಬ ಸೂಚನೆ ಗೇಟಿನಲ್ಲೇ ಅಂಟಿಸಿರಲಿ. ಕಚೇರಿಯಲ್ಲಿ ಅವನ ವಿವರಣೆ ಬರೆಸಿಕೊಳ್ಳಬೇಕು. ಬರೆಯಲು ಬಾರದಿದ್ದರೆ ಅವನು ನಂಬುವ ಒಬ್ಬ ಜೊತೆಗಾರ ಬರೆದು, ಓದಿ ಹೇಳಿ, ಹೆಬ್ಬೆಟ್ಟು ಹಾಕಿಸಲಿ.

ಅವನು ತಾಲ್ಲೂಕು ಆಸ್ಪತ್ರೆಯ ಚೀಟಿ ತೋರಿಸುತ್ತಾನೆ. ತಂದೆ 8ರಿಂದ 13ರವರೆಗೆ ದಾಖಲಾಗಿದ್ದರು. ನಡುವಿನ ಭಾನುವಾರ ಬಿಟ್ಟರೆ ಐದು ಕೆಲಸದ ದಿನಕ್ಕೆ ಕಾರಣ ಸಿಕ್ಕಿತು. 14, 15, 16ಕ್ಕೆ ಕಾರಣವಿಲ್ಲ, ಫೋನೂ ಮಾಡಿಲ್ಲ. ಹಿಂದಿನ ತಪ್ಪೂ ಇಲ್ಲ. ಮೇಸ್ತ್ರಿ ಬಾಯಿಮಾತಿನಲ್ಲಿ ರಜೆ ಕೊಟ್ಟದ್ದು ಗಿರಣಿಯದೇ ಲೋಪ, ಅದನ್ನು ಇವನ ತಲೆಗೆ ಕಟ್ಟುವಂತಿಲ್ಲ. ಇಲ್ಲಿ ಸರಿಯಾದ ಕ್ರಮ ಲಿಖಿತ ಎಚ್ಚರಿಕೆ.

ಹಣದ ಲೆಕ್ಕದಲ್ಲಿ ಎರಡು ವಿಷಯ ಕಲಸಿಹೋಗುತ್ತವೆ. ಬಾರದ ಎಂಟು ದಿನದ 8,000 ರೂಪಾಯಿ ಕಡಿತ ಶಿಕ್ಷೆಯಲ್ಲ, ಕೆಲಸವಿಲ್ಲದ ದಿನಕ್ಕೆ ಪಗಾರವಿಲ್ಲ ಅಷ್ಟೆ. ಗಳಿಕೆ ರಜೆ ಉಳಿದಿದ್ದರೆ ಆಸ್ಪತ್ರೆಯ ಐದು ದಿನಕ್ಕೆ ಹೊಂದಿಸಿಯೂ ಕೊಡಬಹುದು. ‘ಒಂದು ದಿನ ಬಾರದಿದ್ದರೆ ಎರಡು ದಿನದ ಕಡಿತ’ ಎಂಬ ನಿಯಮ ಮಾತ್ರ ಸಲ್ಲದು, ಎರಡನೇ ದಿನದ್ದು ದಂಡ. ದಂಡಕ್ಕೆ ಕಾನೂನಿನ ಮಿತಿ ಆ ಅವಧಿಯಲ್ಲಿ ಕೊಡಬೇಕಾದ ಪಗಾರದ ಶೇ 3. ಮೊದಲ ಮೂರು ದಿನ ಸಂಬಳದ ರಜೆಯಾದರೆ ಇವನಿಗೆ ಬರಬೇಕಾದದ್ದು 18,000, ಅದರ ಶೇ 3 ಎಂದರೆ 540. ಅದಕ್ಕೂ ಯಾವ ತಪ್ಪಿಗೆ ದಂಡ ಎಂಬ ಪಟ್ಟಿಗೆ ಸರ್ಕಾರದ ಒಪ್ಪಿಗೆ ಬೇಕು, ಅವನ ಮಾತು ಕೇಳಿರಬೇಕು, ದಂಡದ ಪುಸ್ತಕವಿರಬೇಕು, ಬಂದ ಹಣ ಕಾರ್ಮಿಕರ ಹಿತಕ್ಕೇ ಹೋಗಬೇಕು. ಇಷ್ಟೆಲ್ಲ 540 ರೂಪಾಯಿಗೆ! ಸಣ್ಣ ಗಿರಣಿಗಳು ದಂಡದ ಅಧ್ಯಾಯವನ್ನೇ ಕೈಬಿಡುವುದು ಜಾಣತನ.

ಅವನು ಬಂದದ್ದು ಮೂರು ತಿಂಗಳ ಮೇಲೆ, ಅದೂ ಮೂರನೇ ಸಲ ಎಂದಾಗಿದ್ದರೆ ದಾರಿ ಬೇರೆ. ಆಗ ವಿಚಾರಣೆ. ದೂರು ಕೊಟ್ಟ ಮೇಸ್ತ್ರಿಯಾಗಲಿ, ಅವನ ನೆಂಟನಾಗಲಿ ವಿಚಾರಣಾಧಿಕಾರಿ ಆಗಬಾರದು. ನೌಕರ ಜೊತೆಗಾರನೊಬ್ಬನನ್ನು ನೆರವಿಗೆ ತರಬಹುದು, ಹಾಜರಿ ಪುಸ್ತಕ ನೋಡಬಹುದು, ಮೇಸ್ತ್ರಿಗೆ ಪಾಟೀಸವಾಲು ಹಾಕಬಹುದು. ಪ್ರತಿ ದಿನದ ನಡಾವಳಿಗೆ ಇಬ್ಬರ ಸಹಿ. ವಿಚಾರಣಾ ವರದಿಯ ಪ್ರತಿ ಅವನ ಕೈಗೆ ಕೊಟ್ಟು ಉತ್ತರ ಪಡೆದ ಮೇಲೆಯೇ ಶಿಕ್ಷೆ. ಹಳೆಯ ಎರಡು ಗೈರುಗಳನ್ನು ತೂಕಕ್ಕೆ ಹಾಕುವುದಾದರೆ ಅದನ್ನೂ ಮೊದಲೇ ಅವನಿಗೆ ಹೇಳಿರಬೇಕು. ಕಡತದಿಂದ ಕೊನೆಯಲ್ಲಿ ಎಳೆದು ತೆಗೆದರೆ ಉಳಿದೆಲ್ಲ ಸರಿಯಿದ್ದರೂ ಆದೇಶ ಅಲುಗಾಡುತ್ತದೆ.

ನಮ್ಮ ಬಾಯ್ಲರ್‌ನವನಿಗೆ ಹೋಗುವ ಎಚ್ಚರಿಕೆ ಪತ್ರ ನಾಲ್ಕು ಸಾಲು ಸಾಕು: “8ರಿಂದ 13ರವರೆಗಿನ ಗೈರಿಗೆ ನೀವು ಕೊಟ್ಟ ಕಾರಣವನ್ನು ಒಪ್ಪಲಾಗಿದೆ. 14ರಿಂದ 16ರವರೆಗಿನ ಗೈರಿಗೆ ಕಾರಣ ಸಿಕ್ಕಿಲ್ಲ, ಫೋನಿನಲ್ಲೂ ತಿಳಿಸಿಲ್ಲ. ಇದು ನಿಮ್ಮ ಮೊದಲ ಲಿಖಿತ ಎಚ್ಚರಿಕೆ. ಮುಂದಿನ 12 ತಿಂಗಳಲ್ಲಿ ಇಂಥ ತಪ್ಪಾಗದಿದ್ದರೆ ಇದನ್ನು ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ.” ಒಂದು ಪ್ರತಿಯನ್ನು ಅವನಿಗೆ ಕೊಟ್ಟು, ಇನ್ನೊಂದಕ್ಕೆ ಸಹಿ ಪಡೆಯಬೇಕು. ಸಹಿ ಹಾಕಲು ಒಪ್ಪದಿದ್ದರೆ ಜಗಳ ಬೇಡ. ಇಬ್ಬರು ಸಾಕ್ಷಿಗಳ ಎದುರು ಓದಿ ಹೇಳಿ, ‘ಸ್ವೀಕರಿಸಲು ನಿರಾಕರಿಸಿದರು’ ಎಂದು ತಾರೀಖು ಸಮೇತ ಬರೆದು, ಅದೇ ಪತ್ರವನ್ನು ಅಂದೇ ಅಂಚೆಗೆ ಹಾಕಬೇಕು. ಮೇಸ್ತ್ರಿಗೆ ಇನ್ನೊಂದು ಪತ್ರ ಹೋಗಬೇಕು, ಚೀಟಿಯಿಲ್ಲದೆ ರಜೆ ಕೊಟ್ಟದ್ದಕ್ಕೆ.