ಸುಳ್ಳುಗಾರನ ಮಾತಿಗೂ ಒಂದು ಸಮೀಕರಣ

ಒಂದು ದ್ವೀಪ. ಅಲ್ಲಿ ಎರಡೇ ಬಗೆಯ ಜನ. ಒಂದು ಬಗೆಯವರು ಬಾಯಿ ಬಿಟ್ಟರೆ ನಿಜ, ಇನ್ನೊಂದು ಬಗೆಯವರು ಬಾಯಿ ಬಿಟ್ಟರೆ ಸುಳ್ಳು. ಮುಖ ನೋಡಿದರೆ ಯಾರು ಯಾವ ಬಗೆ ಎಂದು ಗೊತ್ತಾಗುವುದಿಲ್ಲ. ಅವರ ಮಾತು ಕೇಳಿಸಿಕೊಂಡೇ ಕಂಡುಹಿಡಿಯಬೇಕು.

ಅಮೆರಿಕದ ತರ್ಕಶಾಸ್ತ್ರಜ್ಞ ರೇಮಂಡ್ ಸ್ಮಲ್ಯನ್ 1978ರಲ್ಲಿ ತಂದ ಒಗಟಿನ ಪುಸ್ತಕದಲ್ಲಿ ಈ ಜನರನ್ನು ನೈಟ್ ಮತ್ತು ನೇವ್ ಎಂದು ಕರೆದರು. ಇಂಥ ಒಗಟುಗಳು ಅದಕ್ಕೂ ಮೊದಲೇ ಇದ್ದವು. ಆದರೆ ಇವತ್ತು ಎಲ್ಲರೂ ಬಳಸುವುದು ಅವರಿಟ್ಟ ಹೆಸರುಗಳನ್ನೇ. ನಾವು ಸತ್ಯವಂತ, ಸುಳ್ಳುಗಾರ ಅಂದುಕೊಳ್ಳೋಣ. ಸ್ಮಲ್ಯನ್ ಜಾದೂಗಾರರೂ ಆಗಿದ್ದರು, ಆದರೆ ಈ ಒಗಟುಗಳಲ್ಲಿ ಕೈಚಳಕವೇನೂ ಇಲ್ಲ. ಪ್ರತಿ ಮಾತನ್ನೂ ಒಂದು ಸೂತ್ರವಾಗಿ ಬರೆದರೆ ಉಳಿದಿದ್ದು ಬರೀ ಲೆಕ್ಕ.

ಈ ಲೆಕ್ಕದ ಹೆಸರು ಪ್ರೊಪೊಸಿಷನಲ್ ಲಾಜಿಕ್. ಇದರಲ್ಲಿ ಪ್ರತಿ ಹೇಳಿಕೆಗೂ ಒಂದು ಅಕ್ಷರ. ಆ ಅಕ್ಷರದ ಬೆಲೆ ನಿಜ ಅಥವಾ ಸುಳ್ಳು, ಮೂರನೆಯದಿಲ್ಲ. `A` ಅಂದರೆ "ಅಪ್ಪಣ್ಣ ಸತ್ಯವಂತ" ಎಂದಿಟ್ಟುಕೊಳ್ಳಿ. `B` ಅಂದರೆ "ಬಸಣ್ಣ ಸತ್ಯವಂತ". ಹಾಗಿದ್ದರೆ "ಬಸಣ್ಣ ಸುಳ್ಳುಗಾರ" ಎಂಬುದು `¬B`. ಇಬ್ಬರೂ ಸತ್ಯವಂತರು ಎಂಬುದು `A ∧ B`. ಇಬ್ಬರಲ್ಲಿ ಒಬ್ಬನಾದರೂ ಸತ್ಯವಂತ ಎಂಬುದು `A ∨ B`.

ಇಷ್ಟು ಸುಲಭ. ಕಷ್ಟ ಇರುವುದು "ಅಪ್ಪಣ್ಣ ಹೀಗೆ ಹೇಳಿದ" ಎಂಬುದನ್ನು ಬರೆಯುವಾಗ. ಅಪ್ಪಣ್ಣ ಹೇಳಿದ ಮಾತನ್ನು `P` ಅನ್ನೋಣ. ಅವನು ಹೇಳಿದ ಮಾತ್ರಕ್ಕೆ `P` ನಿಜವಾಗಿಬಿಡುವುದಿಲ್ಲ. ಅದನ್ನು ನಂಬುವ ಹಾಗಿಲ್ಲ. ಹಾಗಂತ ಬಿಸಾಡುವ ಹಾಗೂ ಇಲ್ಲ. ಅವನು ಸತ್ಯವಂತನಾದರೆ `P` ನಿಜ. ಅವನು ಸುಳ್ಳುಗಾರನಾದರೆ `P` ಸುಳ್ಳು. ಅಂದರೆ `A` ಮತ್ತು `P` ಎರಡರ ಬೆಲೆಯೂ ಯಾವಾಗಲೂ ಒಂದೇ. ಇದನ್ನು ಹೀಗೆ ಬರೆಯುತ್ತಾರೆ:

`A ↔ P`

ಎರಡು ತುದಿಯ ಈ ಬಾಣಕ್ಕೆ ಅರ್ಥ ಅಷ್ಟೇ: ಎರಡೂ ಕಡೆ ನಿಜ, ಇಲ್ಲವೇ ಎರಡೂ ಕಡೆ ಸುಳ್ಳು. ಅಪ್ಪಣ್ಣ ಯಾವ ಬಗೆ ಎಂದು ನಮಗೆ ಇನ್ನೂ ಗೊತ್ತಿಲ್ಲ, ಆದರೂ ಈ ಸಾಲು ಖಂಡಿತ ನಿಜ. ಇಡೀ ವಿಧಾನ ನಿಂತಿರುವುದು ಈ ಒಂದು ಸಾಲಿನ ಮೇಲೆ.

ಮೊದಲ ಸಲ ಬರೆಯುವವರು ಇಲ್ಲಿ ಜಾಸ್ತಿ ಮಾಡುವ ತಪ್ಪು ಒಂದೇ ತುದಿಯ ಬಾಣ ಹಾಕುವುದು, ಅಂದರೆ `A → P`. "ಅಪ್ಪಣ್ಣ ಸತ್ಯವಂತನಾದರೆ ಮಾತು ನಿಜ" ಎಂಬುದು ಸರಿಯೇ. ಆದರೆ ಅದು ಅರ್ಧ ಮಾತ್ರ. ಈ ದ್ವೀಪದ ಸುಳ್ಳುಗಾರ ಸುಳ್ಳನ್ನೇ ಹೇಳುತ್ತಾನೆ, ಬಾಯಿಗೆ ಬಂದಿದ್ದನ್ನಲ್ಲ. ಅವನ ಮಾತನ್ನು ತಿರುಗಿಸಿದರೆ ನಿಜ ಸಿಗುತ್ತದೆ. ಒಂದು ತುದಿಯ ಬಾಣ ಹಾಕಿದರೆ ಆ ಮಾಹಿತಿಯನ್ನು ನಾವೇ ಕೈಯಾರೆ ಎಸೆದಂತೆ.

ಎಷ್ಟು ನಷ್ಟವಾಗುತ್ತದೆ ಅಂತ ಒಂದು ಒಗಟಿನಲ್ಲೇ ನೋಡೋಣ. ದ್ವೀಪದಲ್ಲಿ ಅಪ್ಪಣ್ಣ, ಬಸಣ್ಣ, ಚೆನ್ನಣ್ಣ ಎಂಬ ಮೂವರು ಸಿಗುತ್ತಾರೆ.

ಅಪ್ಪಣ್ಣ ಹೇಳುತ್ತಾನೆ: "ಚೆನ್ನಣ್ಣ ಸತ್ಯವಂತನಾಗಿದ್ದರೆ ಬಸಣ್ಣ ಸುಳ್ಳುಗಾರ."

ಬಸಣ್ಣ ಹೇಳುತ್ತಾನೆ: "ಅಪ್ಪಣ್ಣ, ಚೆನ್ನಣ್ಣ ಇಬ್ಬರೂ ಒಂದೇ ಬಗೆಯವರು."

ಚೆನ್ನಣ್ಣ ಬಾಯೇ ಬಿಡುವುದಿಲ್ಲ. ಮೂವರೂ ಯಾವ ಯಾವ ಬಗೆ?

ಎರಡು ಮಾತು, ಎರಡು ಸೂತ್ರ:

`A ↔ (C → ¬B)`

`B ↔ (A ↔ C)`

ಮೂರು ಅಕ್ಷರಕ್ಕೆ ಎರಡೆರಡು ಬೆಲೆ, ಹಾಗಾಗಿ ಒಟ್ಟು 8 ಸಾಧ್ಯತೆ. ಎಂಟನ್ನೂ ಒಂದೊಂದಾಗಿ ಪರೀಕ್ಷಿಸಬಹುದು. ಆದರೆ ಬಸಣ್ಣನಿಂದ ಶುರು ಮಾಡಿದರೆ ಬೇಗ ಮುಗಿಯುತ್ತದೆ.

ಬಸಣ್ಣ ಸತ್ಯವಂತ ಅಂದುಕೊಳ್ಳಿ. ಆಗ ಎರಡನೇ ಸೂತ್ರದ ಪ್ರಕಾರ ಅಪ್ಪಣ್ಣ, ಚೆನ್ನಣ್ಣ ಒಂದೇ ಬಗೆ. ಇಬ್ಬರೂ ಸತ್ಯವಂತರಾದರೆ, "ಚೆನ್ನಣ್ಣ ಸತ್ಯವಂತನಾಗಿದ್ದರೆ ಬಸಣ್ಣ ಸುಳ್ಳುಗಾರ" ಎಂಬ ಮಾತು ಸುಳ್ಳಾಗುತ್ತದೆ, ಯಾಕೆಂದರೆ ಬಸಣ್ಣ ಸುಳ್ಳುಗಾರನಲ್ಲ. ಸತ್ಯವಂತ ಅಪ್ಪಣ್ಣ ಸುಳ್ಳು ಹೇಳಿದ ಹಾಗಾಯಿತು. ಆಗುವುದಿಲ್ಲ. ಸರಿ, ಇಬ್ಬರೂ ಸುಳ್ಳುಗಾರರು ಅನ್ನೋಣ. ಚೆನ್ನಣ್ಣ ಸತ್ಯವಂತನೇ ಅಲ್ಲ, ಹಾಗಾಗಿ "ಸತ್ಯವಂತನಾಗಿದ್ದರೆ" ಎಂಬ ಷರತ್ತು ಈಡೇರುವುದೇ ಇಲ್ಲ. ಷರತ್ತು ಈಡೇರದ `→` ಹೇಳಿಕೆಯನ್ನು ಲಾಜಿಕ್ ನಿಜ ಎಂದೇ ಎಣಿಸುತ್ತದೆ. ಈಗ ಸುಳ್ಳುಗಾರ ಅಪ್ಪಣ್ಣ ನಿಜ ಹೇಳಿದ ಹಾಗಾಯಿತು. ಅದೂ ಆಗುವುದಿಲ್ಲ.

ಅಂದಮೇಲೆ ಬಸಣ್ಣ ಸುಳ್ಳುಗಾರ. ಆಗ ಅಪ್ಪಣ್ಣನ ಮಾತು ನಿಜ, ಚೆನ್ನಣ್ಣ ಯಾರೇ ಆಗಿರಲಿ. ಹಾಗಾಗಿ ಅಪ್ಪಣ್ಣ ಸತ್ಯವಂತ. ಬಸಣ್ಣನ ಮಾತು ಸುಳ್ಳಾದ್ದರಿಂದ ಅಪ್ಪಣ್ಣ, ಚೆನ್ನಣ್ಣ ಬೇರೆ ಬೇರೆ ಬಗೆ. ಹಾಗಾದರೆ ಚೆನ್ನಣ್ಣ ಸುಳ್ಳುಗಾರ. ಒಂದು ಮಾತೂ ಆಡದೆ ಸಿಕ್ಕಿಬಿದ್ದ, ಪಾಪ.

ಈಗ ಅದೇ ಎರಡು ಮಾತಿಗೆ ಒಂದೇ ತುದಿಯ ಬಾಣ ಹಾಕಿ ನೋಡಿ. 8 ಸಾಧ್ಯತೆಗಳಲ್ಲಿ 3 ಮಾತ್ರ ಹೋಗುತ್ತವೆ, 5 ಉಳಿಯುತ್ತವೆ. ಆ ಐದರಲ್ಲಿ "ಮೂವರೂ ಸುಳ್ಳುಗಾರರು" ಎಂಬುದೂ ಒಂದು. ಒಂದೇ ತುದಿಯ ಬಾಣ ಬಳಸಿದರೆ ಇದು ಯಾವ ಒಗಟಿನಲ್ಲೂ ಉಳಿದುಕೊಳ್ಳುತ್ತದೆ, ಯಾಕೆಂದರೆ ಎಲ್ಲರೂ ಸುಳ್ಳುಗಾರರಾದರೆ ಯಾವ ಷರತ್ತೂ ಈಡೇರುವುದಿಲ್ಲ. ನಿಮ್ಮ ಉತ್ತರಗಳ ಪಟ್ಟಿಯಲ್ಲಿ ಪ್ರತಿ ಸಲವೂ "ಎಲ್ಲರೂ ಸುಳ್ಳುಗಾರರು" ಎಂದು ಬರುತ್ತಿದ್ದರೆ ಮೊದಲು ಬಾಣ ನೋಡಿಕೊಳ್ಳಿ.

ಈ ಕೆಲಸವನ್ನು ಕಂಪ್ಯೂಟರಿಗೂ ಒಪ್ಪಿಸಬಹುದು. ಪೈಥಾನ್‌ನಲ್ಲಿ ನಿಜ-ಸುಳ್ಳುಗಳ ನಡುವೆ `==` ಹಾಕಿದರೆ ಅದೇ ನಮ್ಮ `↔`. `C → ¬B` ಎಂಬುದನ್ನು "`C` ಸುಳ್ಳು, ಇಲ್ಲವೇ `B` ಸುಳ್ಳು" ಎಂದು ಬರೆಯಬೇಕು.

```python
from itertools import product

for A, B, C in product([True, False], repeat=3):
    if A == ((not C) or (not B)) and B == (A == C):
        print(A, B, C)
```

ಬರುವ ಉತ್ತರ ಒಂದೇ ಸಾಲು: `True False False`. ಆದರೆ `B == (A == C)` ಎಂಬಲ್ಲಿ ಆವರಣ ಚಿಹ್ನೆ ಬಿಟ್ಟು `B == A == C` ಎಂದು ಬರೆದರೆ ಕಥೆ ಕೆಡುತ್ತದೆ. ಪೈಥಾನ್ ಅದನ್ನು "ಮೂರೂ ಒಂದೇ" ಎಂದು ಓದುತ್ತದೆ. ತಪ್ಪಾಗಿದೆ ಎಂದು ಅದು ಹೇಳುವುದಿಲ್ಲ, ಸುಮ್ನೆ ಒಂದು ಸಾಲನ್ನೂ ಮುದ್ರಿಸದೆ ಮುಗಿಸುತ್ತದೆ. ನಮಗೆ ಒಗಟಿಗೆ ಉತ್ತರವೇ ಇಲ್ಲ ಅನ್ನಿಸುತ್ತದೆ.

ಉತ್ತರವೇ ಇಲ್ಲದ ಒಗಟುಗಳು ನಿಜಕ್ಕೂ ಇವೆ ಅನ್ನಿ. "ನಾನು ಸುಳ್ಳುಗಾರ" ಎಂದು ಯಾರಾದರೂ ಹೇಳಿದರೆ ಸೂತ್ರ `A ↔ ¬A`. ಇದಕ್ಕೆ ಯಾವ ಬೆಲೆಯೂ ಹೊಂದುವುದಿಲ್ಲ. ಅಂದರೆ ಆ ಮಾತನ್ನು ಈ ದ್ವೀಪದವರು ಯಾರೂ ಆಡಲಾರರು. ಹೀಗಾಗಿ ಖಾಲಿ ಉತ್ತರ ಬಂದಾಗ ಎರಡು ಅನುಮಾನ ಇಟ್ಟುಕೊಳ್ಳಬೇಕು. ಯಾರೋ ಆಡಲಾರದ ಮಾತನ್ನು ಆಡಿಸಿದ್ದೇವೆ, ಇಲ್ಲವೇ ಸೂತ್ರ ಬರೆಯುವಾಗ ಎಡವಿದ್ದೇವೆ. ನನ್ನ ಪ್ರಕಾರ ಎರಡನೆಯದೇ ಜಾಸ್ತಿ.

ಎಡವುವುದು ಬಾಣದಲ್ಲಿ ಮಾತ್ರ ಅಲ್ಲ, ನಾವಾಡುವ ಭಾಷೆಯಲ್ಲೂ. ಅಪ್ಪಣ್ಣ ಬಸಣ್ಣನನ್ನು ಪಕ್ಕದಲ್ಲಿ ನಿಲ್ಲಿಸಿಕೊಂಡು "ನಾವಿಬ್ಬರೂ ಸುಳ್ಳುಗಾರರಲ್ಲ" ಅಂದ ಅನ್ನಿ. ಕನ್ನಡದಲ್ಲಿ ಇದನ್ನು ಎರಡು ಥರ ಕೇಳಿಸಿಕೊಳ್ಳಬಹುದು. ನಮ್ಮಲ್ಲಿ ಒಬ್ಬನೂ ಸುಳ್ಳುಗಾರನಲ್ಲ ಎಂಬುದು ಒಂದು. ಆಗ ಸೂತ್ರ `A ↔ (A ∧ B)`. ಇಬ್ಬರೂ ಏನಲ್ಲ, ಬೇಕಾದರೆ ಒಬ್ಬ ಇರಬಹುದು ಎಂಬುದು ಇನ್ನೊಂದು. ಆಗ ಸೂತ್ರ `A ↔ (A ∨ B)`. ಎರಡು ಸೂತ್ರಗಳೂ ನಾಲ್ಕರಲ್ಲಿ ಒಂದೊಂದು ಸಾಧ್ಯತೆಯನ್ನು ಮಾತ್ರ ಹೊರಗೆ ಹಾಕುತ್ತವೆ, ಆದರೆ ಬೇರೆ ಬೇರೆಯದನ್ನು. ಮೊದಲನೆಯದು "ಅಪ್ಪಣ್ಣ ಸತ್ಯವಂತ, ಬಸಣ್ಣ ಸುಳ್ಳುಗಾರ" ಎಂಬುದನ್ನು ಅಳಿಸುತ್ತದೆ. ಎರಡನೆಯದು ಸರಿಯಾಗಿ ಅದರ ಉಲ್ಟಾ ಇರುವುದನ್ನು. ಯಾವ ಅರ್ಥ ಎಂದು ಸೂತ್ರ ಹೇಳಿಕೊಡುವುದಿಲ್ಲ. ಒಗಟು ಕಟ್ಟುವವರೇ ಬಿಡಿಸಿ ಹೇಳಬೇಕು.

ಇಲ್ಲಿಯವರೆಗೆ ಅವರು ಹೇಳಿದರು, ನಾವು ಬರೆದುಕೊಂಡೆವು. ಅದೇ ಸೂತ್ರವನ್ನು ತಿರುಗಿಸಿ ಹಿಡಿದರೆ ಏನು ಕೇಳಬೇಕು ಎಂಬುದನ್ನೂ ಲೆಕ್ಕ ಹಾಕಬಹುದು. ನನಗೆ ತುಂಬಾ ಇಷ್ಟವಾದ ಭಾಗ ಇದು. ದಾರಿ ಎರಡಾಗಿ ಕವಲೊಡೆದಿದೆ, ಒಂದು ಊರಿಗೆ ಹೋಗುತ್ತದೆ. ಅಲ್ಲಿ ಅಪ್ಪಣ್ಣ ನಿಂತಿದ್ದಾನೆ, ಯಾವ ಬಗೆಯೋ ಗೊತ್ತಿಲ್ಲ. ಹೌದು-ಇಲ್ಲ ಎಂಬ ಉತ್ತರದ ಒಂದೇ ಪ್ರಶ್ನೆ ಕೇಳಬಹುದು. "ಎಡಗಡೆ ದಾರಿ ಊರಿಗೆ ಹೋಗುತ್ತದೆ" ಎಂಬುದು `P`.

ನಾವು ಕೇಳುವ ಪ್ರಶ್ನೆ `Q` ಅನ್ನೋಣ. ಅಪ್ಪಣ್ಣ "ಹೌದು" ಅನ್ನುವುದು ಯಾವಾಗ? ಅವನು ಸತ್ಯವಂತನಾಗಿ `Q` ನಿಜವಾಗಿದ್ದರೆ, ಇಲ್ಲವೇ ಸುಳ್ಳುಗಾರನಾಗಿ `Q` ಸುಳ್ಳಾಗಿದ್ದರೆ. ಅಂದರೆ `A ↔ Q` ನಿಜವಾದಾಗ. ನಮಗೆ ಬೇಕಾಗಿರುವುದು ಏನು? `P` ನಿಜವಾದಾಗ "ಹೌದು" ಬರಬೇಕು, ಸುಳ್ಳಾದಾಗ "ಇಲ್ಲ" ಬರಬೇಕು. ಹಾಗಾದರೆ `A ↔ Q` ಮತ್ತು `P` ಒಂದೇ ಆಗಿರುವಂಥ `Q` ಹುಡುಕಬೇಕು.

ಇಲ್ಲಿ `↔` ಗುರುತಿನ ಒಂದು ಗುಣ ನೆರವಿಗೆ ಬರುತ್ತದೆ. ಒಂದೇ ಅಕ್ಷರವನ್ನು ಎರಡು ಸಲ ಸೇರಿಸಿದರೆ ಅದು ಅಳಿಸಿಹೋಗುತ್ತದೆ: `A ↔ (A ↔ P)` ಅಂದರೆ ಬರೀ `P`. `A` ನಿಜವಾದರೆ ಎರಡು ಸಲವೂ ಏನೂ ಬದಲಾಗುವುದಿಲ್ಲ. `A` ಸುಳ್ಳಾದರೆ `P` ಎರಡು ಸಲ ತಿರುಗಿ ಮತ್ತೆ ಮೊದಲಿನಂತಾಗುತ್ತದೆ. ಹಾಗಾಗಿ ಕೇಳಬೇಕಾದ `Q` ಎಂದರೆ `A ↔ P`. ಮಾತಿನಲ್ಲಿ ಹೇಳುವುದಾದರೆ: "ಎಡಗಡೆ ದಾರಿ ಊರಿಗೆ ಹೋಗುತ್ತಾ ಅಂತ ಕೇಳಿದರೆ ನೀನು ಹೌದು ಅಂತೀಯಾ?" ಈ ಪ್ರಶ್ನೆಗೆ "ಹೌದು" ಬಂದರೆ ಎಡಕ್ಕೆ ಹೋಗಿ, "ಇಲ್ಲ" ಬಂದರೆ ಬಲಕ್ಕೆ. ಅಪ್ಪಣ್ಣ ಯಾವ ಬಗೆ ಎಂದು ಕೊನೆಗೂ ಗೊತ್ತಾಗುವುದಿಲ್ಲ. ಗೊತ್ತಾಗುವ ಅಗತ್ಯವೂ ಇಲ್ಲ, `A` ಸೂತ್ರದಿಂದಲೇ ಹೊರಟುಹೋಗಿದೆ.

ಈ ವಿಧಾನ ಕೈಕೊಡುವ ಜಾಗವನ್ನು ಸ್ಮಲ್ಯನ್ ಅವರೇ ಒಗಟಾಗಿ ಕಟ್ಟಿದ್ದಾರೆ. ಅವರ ಕೆಲವು ಒಗಟುಗಳಲ್ಲಿ ಮೂರನೇ ಬಗೆಯ ಜನ ಬರುತ್ತಾರೆ. ಅವರು ಒಮ್ಮೆ ನಿಜ, ಒಮ್ಮೆ ಸುಳ್ಳು ಹೇಳುತ್ತಾರೆ. ಅಂದರೆ ನಮ್ಮ ನಿಮ್ಮಂಥವರು. ಅಂಥವನ ಮಾತಿಗೆ `↔` ಹಾಕಲು ಬರುವುದಿಲ್ಲ, `→` ಕೂಡ ಬರುವುದಿಲ್ಲ. ಅವನ ಮಾತು ಒಂದು ಸಾಧ್ಯತೆಯನ್ನೂ ಹೊರಗೆ ಹಾಕುವುದಿಲ್ಲ. ಅವನನ್ನೇ ದಾರಿ ಕೇಳಿದರೆ, ಪ್ರಶ್ನೆ ಎಷ್ಟೇ ಜಾಣತನದ್ದಾದರೂ ಪ್ರಯೋಜನವಿಲ್ಲ.

ಅಮೆರಿಕದ ಇನ್ನೊಬ್ಬ ತರ್ಕಶಾಸ್ತ್ರಜ್ಞ ಜಾರ್ಜ್ ಬೂಲೋಸ್ 1996ರಲ್ಲಿ ಪ್ರಕಟಿಸಿದ ಒಗಟು ಇದನ್ನೇ ಹಿಡಿದುಕೊಂಡಿದೆ. ಅದನ್ನು ಕಟ್ಟಿದ್ದು ಸ್ಮಲ್ಯನ್ ಎಂದು ಬೂಲೋಸ್ ಹೇಳಿದ್ದಾರೆ. ಅದರಲ್ಲಿ ಮೂವರು ದೇವರು: ಒಬ್ಬ ನಿಜ ಹೇಳುವವನು, ಒಬ್ಬ ಸುಳ್ಳು ಹೇಳುವವನು, ಒಬ್ಬ ಮನಸ್ಸಿಗೆ ಬಂದಂತೆ ಉತ್ತರಿಸುವವನು. ಅವರ ಭಾಷೆಯಲ್ಲಿ ಹೌದು ಯಾವುದು, ಇಲ್ಲ ಯಾವುದು ಎಂಬುದೂ ನಮಗೆ ಗೊತ್ತಿಲ್ಲ. ಮೂರೇ ಪ್ರಶ್ನೆಯಲ್ಲಿ ಮೂವರನ್ನೂ ಗುರುತಿಸಬೇಕು. ಮೊದಲ ಪ್ರಶ್ನೆ ಪೂರ್ತಿ ಖರ್ಚಾಗುವುದು ಮನಸ್ಸಿಗೆ ಬಂದಂತೆ ಮಾತಾಡುವವನಲ್ಲ ಎಂದು ಖಾತ್ರಿಯಿರುವ ಒಬ್ಬನನ್ನು ಹುಡುಕುವುದಕ್ಕೆ. ಅವನು ನಿಜದವನೋ ಸುಳ್ಳಿನವನೋ ಎಂಬ ಚಿಂತೆ ಬೇಡ. ಅಂಥವನೊಬ್ಬ ಸಿಕ್ಕರೆ ಸಾಕು, ಉಳಿದ ಎರಡು ಪ್ರಶ್ನೆಗಳನ್ನು ಅವನಿಗೇ ಕೇಳಬಹುದು, ಒಳಗೆ ಮತ್ತದೇ `A ↔ P` ಇಟ್ಟುಕೊಂಡು.