ಕಾರು ನೋಡೋಕೆ ಮಧ್ಯಾಹ್ನ ಎರಡು ಗಂಟೆಗೆ ಹೋಗಿ

ಏಪ್ರಿಲ್‌ನಲ್ಲಿ ಪಾಂಡವಪುರದ ಮೇಷ್ಟ್ರೊಬ್ಬರು ಮೈಸೂರಿನ ನಮ್ಮ ವರ್ಕ್‌ಶಾಪ್‌ಗೆ ಬಂದರು. ಎರಡು ಸಣ್ಣ ಕಾರು ನೋಡಿಟ್ಟಿದ್ದರು. ಒಂದು ಕಪ್ಪು, ಮೇಲೆ ಸನ್‌ರೂಫ್. ಇನ್ನೊಂದು ಬಿಳಿ, ಸನ್‌ರೂಫ್ ಇಲ್ಲ. "ಎರಡರಲ್ಲಿ ಯಾವುದರ ಎಸಿ ದೊಡ್ಡದು ಸಾರ್? ಎಷ್ಟು ಟನ್ನು?" ಅಂದರು.

ಮನೆ ಎಸಿಗೆ ಟನ್ನಿನ ಲೆಕ್ಕ ಬರೆದಿರುತ್ತದೆ. ಕಾರಿನ ಬ್ರೋಷರ್‌ನಲ್ಲಿ ಅದು ಸಾಮಾನ್ಯವಾಗಿ ಇರುವುದೇ ಇಲ್ಲ. ಆಟೊಮ್ಯಾಟಿಕ್ ಕ್ಲೈಮೇಟ್ ಕಂಟ್ರೋಲ್ ಅಂತ ದಪ್ಪಕ್ಷರದಲ್ಲಿ ಇರುತ್ತದೆ. ಅದು ನೀವು ಕೇಳಿದಷ್ಟು ತಂಪು ಹೊಂದಿಸುತ್ತದೆ ಅಷ್ಟೇ, ಎಸಿಯ ತಾಕತ್ತನ್ನು ಜಾಸ್ತಿ ಮಾಡುವುದಿಲ್ಲ. ಹಾಗಾಗಿ ಅಳೆದೇ ನೋಡಬೇಕು.

ಶೋರೂಮಿನವರು ಬೆಳಿಗ್ಗೆ ಹತ್ತಕ್ಕೆ, ನೆರಳಲ್ಲಿ ನಿಲ್ಲಿಸಿದ ಕಾರನ್ನು ಕೊಡುತ್ತಾರೆ. ಆಗ ಯಾವ ಎಸಿಯೂ ಜೋರಾಗೇ ಇರುತ್ತದೆ, ಅಲ್ವಾ? ಮಧ್ಯಾಹ್ನ ಎರಡಕ್ಕೆ ಹೋಗಿ, ಒಂದು ಗಂಟೆ ಬಿಸಿಲಲ್ಲಿ ನಿಂತ ಕಾರು ಕೇಳಿ ಅಂದೆ. ಕೈಗೆ ಕಡ್ಡಿ ಇರುವ ಸಣ್ಣ ಡಿಜಿಟಲ್ ಥರ್ಮಾಮೀಟರ್ ಕೊಟ್ಟೆ. ಅದನ್ನು ನಡುವಿನ ಎಸಿ ಕಿಂಡಿಗೆ ಸಿಕ್ಕಿಸಬೇಕು. ಒಂದು ನಿಮಿಷ ಕಿಟಕಿ ತೆರೆದು ಬಿಸಿಗಾಳಿ ಹೊರಗೆ ಬಿಡಬೇಕು. ಆಮೇಲೆ ಗಾಜು ಏರಿಸಿ, ಒಳಗಿನ ಗಾಳಿಯೇ ಸುತ್ತುವ ಬಟನ್ ಒತ್ತಿ, ಬ್ಲೋವರ್ ಎರಡು ಕಾರಿನಲ್ಲೂ ಒಂದೇ ನಂಬರಿನಲ್ಲಿ ಇಡಬೇಕು. ಹತ್ತು ನಿಮಿಷ ಓಡಿಸಿ ಒಮ್ಮೆ ನೋಡುವುದು. ಆಮೇಲೆ ಎಂಜಿನ್ ಆಫ್ ಮಾಡದೆ ಐದು ನಿಮಿಷ ನಿಲ್ಲಿಸಿ ಮತ್ತೆ ನೋಡುವುದು. ಇಡೀ ಪರೀಕ್ಷೆಯ ಜೀವ ಇರುವುದು ಈ ನಿಲ್ಲಿಸುವುದರಲ್ಲೇ.

ಮೇಷ್ಟ್ರು ಪುಸ್ತಕದಲ್ಲಿ ಬರೆದುಕೊಂಡು ಬಂದರು. ಹೊರಗೆ 36 ಡಿಗ್ರಿ. ಓಡುವಾಗ ಕಪ್ಪು ಕಾರಿನ ಗಾಳಿ 9, ಬಿಳಿಯದು 8. ಇಲ್ಲಿಯವರೆಗೆ ಸಮಸಮ. ನಿಂತಾಗ ಬಿಳಿಯದು 12ಕ್ಕೆ ಏರಿತು, ಕಪ್ಪಿನದು 19ಕ್ಕೆ ಹೋಯಿತು.

ಎಸಿಯ ಕಂಪ್ರೆಸರನ್ನು ಇಂಥ ಕಾರುಗಳಲ್ಲಿ ಎಂಜಿನ್ನೇ ಬೆಲ್ಟ್ ಮೂಲಕ ತಿರುಗಿಸುತ್ತದೆ. ಕಾರು ನಿಂತರೆ ಎಂಜಿನ್ ನಿಧಾನ, ಕಂಪ್ರೆಸರೂ ನಿಧಾನ. ಒಳಗಿನಿಂದ ಎಳೆದ ಬಿಸಿಯನ್ನು ಮುಂದಿನ ಜಾಲರಿಯ ಹಿಂದಿರುವ ಕಂಡೆನ್ಸರ್ ಹೊರಗೆ ಬಿಡಬೇಕು. ಓಡುವಾಗ ಅದಕ್ಕೆ ಎದುರುಗಾಳಿ ಸಿಗುತ್ತದೆ, ನಿಂತಾಗ ಫ್ಯಾನ್ ಒಂದನ್ನೇ ನಂಬಬೇಕು. ನಿಂತಾಗ ಮೂರು ನಾಲ್ಕು ಡಿಗ್ರಿ ಏರಿದರೆ ನಾನು ತಲೆ ಕೆಡಿಸಿಕೊಳ್ಳುವುದಿಲ್ಲ. ಹತ್ತು ಏರಿದರೆ ರಿಂಗ್ ರೋಡ್ ಸಿಗ್ನಲ್‌ನಲ್ಲಿ ನೀವು ಆಲೆಮನೆ ಒಲೆ ಮುಂದೆ ಕೂತ ಹಾಗೆ. ಹಳೇ ಕಾರಾದರೆ ಗ್ಯಾಸ್ ಕಮ್ಮಿಯೋ, ಕಂಡೆನ್ಸರಿಗೆ ಧೂಳು ಕಟ್ಟಿದೆಯೋ ನೋಡಬಹುದು. ಹೊಸ ಕಾರಿನಲ್ಲಿ ಹೀಗಾದರೆ ಅದೇ ಮಾದರಿಯ ಇನ್ನೊಂದು ಕಾರನ್ನೂ ಅಳೆಯಿರಿ. ಅದೂ ಹಾಗೇ ಇದ್ದರೆ ಅದರ ತಾಕತ್ತೇ ಅಷ್ಟು.

"ಕಪ್ಪು ಬಣ್ಣದಿಂದಲೇ ಹೀಗಾ?" ಅಂದರು ಮೇಷ್ಟ್ರು. ಸ್ವಲ್ಪ ಪಾಲಿದೆ. ಅಮೆರಿಕದ ಲಾರೆನ್ಸ್ ಬರ್ಕ್ಲಿ ಪ್ರಯೋಗಾಲಯದವರು ಒಂದೇ ಮಾದರಿಯ ಕಪ್ಪು ಮತ್ತು ಬೆಳ್ಳಿ ಬಣ್ಣದ ಕಾರುಗಳನ್ನು ಬಿಸಿಲಲ್ಲಿ ನಿಲ್ಲಿಸಿ ಅಳೆದು, 2011ರಲ್ಲಿ ಪ್ರಕಟಿಸಿದರು. ಚಾವಣಿಯ ತಗಡಿನಲ್ಲಿ 25 ಡಿಗ್ರಿವರೆಗೆ ವ್ಯತ್ಯಾಸ ಇತ್ತು. ಒಳಗಿನ ಗಾಳಿಯಲ್ಲಿ ಮಾತ್ರ ಐದಾರು ಡಿಗ್ರಿ. ಯಾಕೆಂದರೆ ಬಿಸಿಲು ಬಹುಪಾಲು ಬರುವುದು ಗಾಜಿನಿಂದ. ಸನ್‌ರೂಫ್ ಅಂದರೆ ಇನ್ನೊಂದು ಗಾಜು, ಅದೂ ನೆತ್ತಿಯ ಮೇಲೆ. ಸಂಜೆ ಮಕ್ಕಳು ತಲೆ ಹೊರಗೆ ಹಾಕೋ ಹತ್ತು ನಿಮಿಷಕ್ಕೆ ಅದು ಬೇಕಾ ಅನ್ನುವುದು ನನ್ನ ಅಭಿಪ್ರಾಯ. ಬಣ್ಣ ಮನಸ್ಸಿಗೆ ಹಿಡಿದಿದ್ದರೆ, ಕಾರು ದಿನವೂ ನೆರಳಲ್ಲೇ ನಿಲ್ಲುವುದಾದರೆ, ಕಪ್ಪೇ ತೊಗೊಳ್ಳಿ. ಮುಂದಿನ ಗಾಜಿಗೆ ಒಳಗಿನಿಂದ ಬೆಳ್ಳಿ ಪರದೆ ಇಡೋದು ಮರೆಯಬೇಡಿ.

ಟೈರ್ ವಿಷಯಕ್ಕೆ ಬೆಂಗಳೂರು ಹೈವೇ ನೆನೆದುಕೊಂಡರೆ ಸಾಕು. ಕಾದ ರಸ್ತೆ, ನಿಲ್ಲದ ಓಟ. ಕೆಲವು ಟೈರ್‌ಗಳ ಪಕ್ಕದಲ್ಲಿ ಟೆಂಪರೇಚರ್ ಅಂತ ಅಚ್ಚಾಗಿ ಎ, ಬಿ ಅಥವಾ ಸಿ ಇರುತ್ತದೆ. ಶಾಖ ತಡೆಯುವುದರಲ್ಲಿ ಎ ಮೇಲು. ಆದರೆ ಒಳ್ಳೇ ಟೈರನ್ನೂ ಕೆಡಿಸುವುದು ಗಾಳಿ ಕಮ್ಮಿ ಇರುವುದು. ಆಗ ಟೈರ್ ಪಕ್ಕ ಜಾಸ್ತಿ ಬಾಗಿ ಬಾಗಿ ತಾನೇ ಕಾಯುತ್ತದೆ. ಡ್ರೈವರ್ ಬಾಗಿಲ ಹತ್ತಿರದ ಸ್ಟಿಕ್ಕರ್ 33 ಅಂದರೆ, ಬೆಳಿಗ್ಗೆ ಟೈರ್ ತಣ್ಣಗಿರುವಾಗ 33 ಹಾಕಿಸಿ. ಹೈವೇಯಲ್ಲಿ ಅದು 37 ತೋರಿಸಿದರೆ ಗಾಬರಿಯಾಗಿ ಗಾಳಿ ಬಿಡಬೇಡಿ. ಬಿಸಿಗೆ ಏರಿದ್ದು ಆರಿದ ಮೇಲೆ ಇಳಿಯುತ್ತದೆ, ಬಿಟ್ಟಿದ್ದರೆ ಬೆಳಿಗ್ಗೆ ಕಮ್ಮಿಯಾಗಿರುತ್ತದೆ.

ಕೊನೆಗೆ ಬಿಳಿ ಕಾರೇ ಆಯಿತು. ಟೈರ್ ಪಕ್ಕದ ನಾಲ್ಕು ಅಂಕಿ ನೋಡಿ, 1525 ಅಂದರೆ 2025ರ 15ನೇ ವಾರ ತಯಾರಾಗಿದ್ದು ಅಂತ ಹೇಳಿಕೊಟ್ಟಿದ್ದೆ. ಡೆಲಿವರಿ ದಿನ ಮೇಷ್ಟ್ರು ನಾಲ್ಕೂ ಟೈರ್ ಬಗ್ಗಿ ನೋಡಿದರಂತೆ. ಡಿಕ್ಕಿಯಲ್ಲಿದ್ದ ಸ್ಟೆಪ್ನಿ ನೋಡಿರಲಿಲ್ಲ. ಮೊದಲ ಸರ್ವಿಸಿನ ಮೇಲೆ ನಮ್ಮಲ್ಲಿ ತೆಗೆದು ನೋಡಿದೆವು. ಅದು ಉಳಿದ ನಾಲ್ಕಕ್ಕಿಂತ ಎರಡು ವರ್ಷ ಹಳೆಯದು.