ವಿಆರ್‌ಎಸ್‌ಗೆ ಸಹಿ ಹಾಕದಿದ್ದರೆ ಕೆಲಸ ಹೋಗುತ್ತಾ?

"ಮೇಡಂ, ಶುಕ್ರವಾರದೊಳಗೆ ಸಹಿ ಹಾಕಿ, ಇಲ್ಲಾಂದ್ರೆ ರಿಟ್ರೆಂಚ್‌ಮೆಂಟ್‌ನಲ್ಲಿ ಕಳಿಸ್ತೀವಿ ಅಂತಿದ್ದಾರೆ." ವಿಆರ್‌ಎಸ್, ಅಂದರೆ ಸ್ವಯಂ ನಿವೃತ್ತಿ ಯೋಜನೆಯ ನೋಟಿಸ್ ಹಿಡಿದು ಬರುವ ಹೆಚ್ಚಿನವರ ಮೊದಲ ಮಾತೇ ಇದು. ಕಂಪನಿ ಸ್ಕೀಮ್ ಪ್ರಕಟಿಸಬಹುದು, ಒಪ್ಪಿಕೊಳ್ಳಿ ಎಂದು ಕೇಳಲೂಬಹುದು. ಆದರೆ ಬೇಡ ಅನ್ನುವುದು ತಪ್ಪಲ್ಲ. ಅಷ್ಟಕ್ಕೇ ಶಿಸ್ತುಕ್ರಮ ಕೈಗೊಳ್ಳಲು ಬರುವುದಿಲ್ಲ.

ಹಾಗಾದರೆ ಆ ಬೆದರಿಕೆಯಲ್ಲಿ ಎಷ್ಟು ಹುರುಳಿದೆ? ಒಂದು ಲೆಕ್ಕ ನೋಡೋಣ. ಮೆಷಿನ್ ಆಪರೇಟರ್ ಒಬ್ಬರಿದ್ದಾರೆ ಅಂದುಕೊಳ್ಳಿ. 22 ವರ್ಷ ಸರ್ವಿಸ್, ಮೂಲವೇತನ ಮತ್ತು ತುಟ್ಟಿಭತ್ಯೆ ಸೇರಿ ತಿಂಗಳಿಗೆ 52,000 ರೂಪಾಯಿ. ವಿಆರ್‌ಎಸ್‌ನಲ್ಲಿ ವರ್ಷಕ್ಕೆ 45 ದಿನದ ಸಂಬಳದಂತೆ 17.16 ಲಕ್ಷ ಕೊಡುತ್ತೇವೆ ಅನ್ನುತ್ತಾರೆ. ರಿಟ್ರೆಂಚ್‌ಮೆಂಟ್‌ನಲ್ಲಿ, ಹೆಚ್ಚುವರಿ ಎಂದು ಕಂಪನಿಯೇ ಕೆಲಸದಿಂದ ತೆಗೆದರೆ, ಕಾನೂನಿನ ಪ್ರಕಾರ ವರ್ಷಕ್ಕೆ 15 ದಿನದ ಸಂಬಳ, ಅಂದರೆ 5.72 ಲಕ್ಷ. ಎಚ್‌ಆರ್‌ನವರು ಈ ಎರಡು ಅಂಕಿಗಳನ್ನು ಅಕ್ಕಪಕ್ಕ ಬರೆದು ತೋರಿಸುತ್ತಾರೆ. ಎಂಥವರಿಗೂ ಎದೆ ಧಸಕ್ ಅನ್ನುತ್ತೆ. (ಗ್ರಾಚ್ಯುಟಿ ಸುಮಾರು 6.6 ಲಕ್ಷ ಎರಡರಲ್ಲೂ ಬೇರೆಯಾಗಿಯೇ ಬರಬೇಕು. 17.16 ಲಕ್ಷದೊಳಗೆ ಅದನ್ನೂ ಸೇರಿಸಿದ್ದಾರಾ ನೋಡಿಕೊಳ್ಳಿ.)

ಆ ಹಾಳೆಯಲ್ಲಿ ಬರೆಯದೆ ಬಿಟ್ಟ ವಿಷಯ ಒಂದಿದೆ. ವಿಆರ್‌ಎಸ್ ತರುವುದು ಹೆಚ್ಚು ಸಂಬಳದ ಹಿರಿಯರನ್ನು ಕಳಿಸಲು. ರಿಟ್ರೆಂಚ್‌ಮೆಂಟ್ ಕಾನೂನು ಹೇಳುವುದು ಇದಕ್ಕೆ ಉಲ್ಟಾ. ಒಂದೇ ಬಗೆಯ ಕೆಲಸದವರಲ್ಲಿ ಸಾಮಾನ್ಯವಾಗಿ ಕೊನೆಗೆ ಸೇರಿದವರೇ ಮೊದಲು ಹೋಗಬೇಕು. ಹಾಗೆ ಮಾಡದಿದ್ದರೆ ಕಾರಣ ಬರೆದಿಡಬೇಕು. ನಮ್ಮ ಆಪರೇಟರ್‌ಗಿಂತ ಕಿರಿಯರಾದ ಆಪರೇಟರ್‌ಗಳನ್ನು ಉಳಿಸಿಕೊಂಡು ಇವರನ್ನೇ ತೆಗೆಯುವುದು ಸುಲಭವಲ್ಲ. 2025ರ ನವೆಂಬರ್ 21ರಂದು ಜಾರಿಗೆ ಬಂದ ಕೈಗಾರಿಕಾ ಸಂಬಂಧಗಳ ಸಂಹಿತೆಯಲ್ಲೂ ಈ ನಿಯಮ ಉಳಿದಿದೆ. 300 ಅಥವಾ ಅದಕ್ಕಿಂತ ಜಾಸ್ತಿ ಕಾರ್ಮಿಕರಿರುವ ಕಾರ್ಖಾನೆಯಾದರೆ ಸರ್ಕಾರದ ಪೂರ್ವಾನುಮತಿಯೂ ಬೇಕು. ಹಾಗಾಗಿ "ಸಹಿ ಹಾಕದಿದ್ದರೆ ನಿಮ್ಮನ್ನೇ ತೆಗೀತೀವಿ" ಎಂಬ ಮಾತು ಹಿರಿಯರ ಮಟ್ಟಿಗೆ ಬಹುಪಾಲು ಬರೀ ಮಾತೇ. ಇಡೀ ವಿಭಾಗವೇ ಮುಚ್ಚುತ್ತಿದ್ದರೆ ಮಾತ್ರ ಅದಕ್ಕೆ ತೂಕವಿದೆ. ಆಗ ಸ್ಕೀಮಿನ ಹಣ ಒಳ್ಳೆಯದೇ ಇರಬಹುದು, ಕೂತು ಲೆಕ್ಕ ಹಾಕಿ.

ಇದೆಲ್ಲ 'ಕಾರ್ಮಿಕ' ಎಂಬ ವ್ಯಾಖ್ಯೆಯೊಳಗೆ ಬರುವವರಿಗೆ. ನಿಜವಾಗಿ ಮ್ಯಾನೇಜರ್ ಕೆಲಸ ಮಾಡುವವರಿಗೆ ಈ ರಕ್ಷಣೆ ಇಲ್ಲ. ಅವರಿಗೆ ನೇಮಕಾತಿ ಪತ್ರದ ಷರತ್ತುಗಳೇ ಆಧಾರ. ಹುದ್ದೆಯ ಹೆಸರಲ್ಲಿ 'ಮ್ಯಾನೇಜರ್' ಅಂತ ಇದ್ದ ಮಾತ್ರಕ್ಕೆ ಕೈಚೆಲ್ಲಬೇಡಿ, ದಿನನಿತ್ಯ ಮಾಡುವ ಕೆಲಸ ಏನು ಅನ್ನುವುದೇ ಮುಖ್ಯ.

ಬೇಡ ಅಂದ ಮೇಲೆ ಸಾಮಾನ್ಯವಾಗಿ ಬರುವುದು ವರ್ಗಾವಣೆ ಆದೇಶ. ದುರುದ್ದೇಶದ ವರ್ಗಾವಣೆ ಅನುಚಿತ ಕಾರ್ಮಿಕ ಪದ್ಧತಿಗಳ ಪಟ್ಟಿಯಲ್ಲಿದೆ, ಪ್ರಶ್ನಿಸಬಹುದು. ಆದರೆ ಸಿಟ್ಟು ಮಾಡಿಕೊಂಡು ಮನೆಯಲ್ಲಿ ಕೂತರೆ ಅವರಿಗೇ ಅನುಕೂಲ. ಗೈರುಹಾಜರಿಯ ಕೇಸು ಹಾಕಿ, ಕೆಲಸ ತಾವೇ ಬಿಟ್ಟರು ಅನ್ನುತ್ತಾರೆ. ತಡೆಯಾಜ್ಞೆ ಸಿಗುವವರೆಗೆ, "ಆಕ್ಷೇಪಣೆಯನ್ನು ಕಾಯ್ದಿರಿಸಿ ಹಾಜರಾಗಿದ್ದೇನೆ" ಎಂದು ಬರೆದುಕೊಟ್ಟು ಹೊಸ ಜಾಗಕ್ಕೆ ಹೋಗುವುದೇ ಕ್ಷೇಮ. ದೂರನ್ನು ಕಾರ್ಮಿಕ ಇಲಾಖೆಯ ಸಂಧಾನಾಧಿಕಾರಿಗೆ ಕೊಡಿ. ಅಲ್ಲಿ ಬಗೆಹರಿಯದಿದ್ದರೆ ನ್ಯಾಯಮಂಡಳಿ ಇದೆ.

ಒತ್ತಡದ ಮೀಟಿಂಗ್ ಮುಗಿದ ದಿನವೇ ಒಂದು ಇಮೇಲ್ ಹಾಕಿ. "ಇಂದು ಬೆಳಿಗ್ಗೆ 11ಕ್ಕೆ ಇಂಥವರು ಕರೆದು ಇಂತಿಂಥದ್ದು ಹೇಳಿದರು. ನನಗೆ ವಿಆರ್‌ಎಸ್ ಬೇಡ, ಕೆಲಸದಲ್ಲಿ ಮುಂದುವರಿಯುತ್ತೇನೆ." ಇಷ್ಟು ಸಾಕು. ಬೈಗುಳ ಬೇಡ.

ಸಹಿ ಹಾಕಿಯೇ ಬಿಟ್ಟಿದ್ದರೆ? ಇಲ್ಲೂ ಸ್ವಲ್ಪ ಜಾಗವಿದೆ. ಬ್ಯಾಂಕ್ ಆಫ್ ಇಂಡಿಯಾ ಮತ್ತು ಒ.ಪಿ. ಸ್ವರ್ಣಕರ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಹೇಳಿದ್ದು ಇದು: ಸ್ಕೀಮ್ ಅಂದರೆ ಬರೀ ಆಹ್ವಾನ, ನೌಕರ ಕೊಡುವ ಅರ್ಜಿಯೇ ಪ್ರಸ್ತಾಪ. ಆಡಳಿತ ಅದನ್ನು ಅಂಗೀಕರಿಸುವ ಮೊದಲು ವಾಪಸ್ ಪಡೆಯಬಹುದು. ರಾಷ್ಟ್ರೀಕೃತ ಬ್ಯಾಂಕುಗಳ ಆ ಸ್ಕೀಮ್‌ಗಳಲ್ಲಿ 'ಹಿಂಪಡೆಯುವಂತಿಲ್ಲ' ಎಂಬ ಷರತ್ತಿದ್ದರೂ ಅದು ಅಡ್ಡ ಬರಲಿಲ್ಲ. ಆದರೆ ಸ್ಕೀಮಿನ ಹಣವನ್ನು ಬಳಸಿಕೊಂಡವರಿಗೆ ಈ ದಾರಿ ಮುಚ್ಚಿತು.

ಅರ್ಜಿಯಲ್ಲಿ "ಸ್ವಇಚ್ಛೆಯಿಂದ" ಎಂದು ಮುದ್ರಿಸಿರುತ್ತಾರಲ್ವಾ, ಅದನ್ನು ಮೀರಿ ಬಲವಂತವಾಗಿತ್ತು ಎಂದು ಸಾಬೀತು ಮಾಡುವ ಹೊಣೆ ನಿಮ್ಮದೇ. ಹಣಕಾಸಿನ ಕಷ್ಟವಿತ್ತು ಅಂದರೆ ಸಾಲದು. ಹಾಗಾಗಿ ವಾಪಸಾತಿ ಪತ್ರವನ್ನು ಅಂಗೀಕಾರಕ್ಕೆ ಮೊದಲೇ ಕೊಟ್ಟು, ಸ್ವೀಕೃತಿಯ ಸೀಲು ಹಾಕಿಸಿಕೊಳ್ಳಿ. ಆಮೇಲೂ ಹಣ ಖಾತೆಗೆ ಬಂದು ಬಿದ್ದರೆ ಒಂದು ರೂಪಾಯಿಯನ್ನೂ ಮುಟ್ಟಬೇಡಿ. ಆ ವಾರದಲ್ಲೇ ಪತ್ರ ಬರೆದು ಕಂಪನಿಗೆ ಹಿಂದಿರುಗಿಸಿ.